ಪಟ್ಟಿಯಲ್ಲಿ ಇಲ್ಲದ್ದು ಪರದೆಯಲ್ಲಿ ಕಾಣದು

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ್ದರೂ ಅದರ ಸಂದಿನಿಂದ ಗಾಳಿ ಸದಾ ಹೊರಕ್ಕೆ ನುಸುಳುತ್ತಿರಬೇಕು. ಆಗ ಮಾತ್ರ ಓಣಿಯ ದೂಳು, ಕ್ರಿಮಿಗಳು ಒಳಗೆ ಬರುವುದಿಲ್ಲ. ಅದೇ ಆಸ್ಪತ್ರೆಯಲ್ಲಿ ಕ್ಷಯದಂಥ, ಗಾಳಿಯಲ್ಲಿ ಹರಡುವ ಕಾಯಿಲೆಯವರನ್ನು ಇರಿಸುವ ಐಸೊಲೇಷನ್ ಕೋಣೆಯ ಲೆಕ್ಕ ತಿರುಗುಮುರುಗು. ಅಲ್ಲಿ ಗಾಳಿ ಯಾವಾಗಲೂ ಒಳಕ್ಕೇ ಹರಿಯಬೇಕು, ಒಳಗಿನದು ಓಣಿಗೆ ಬರಲೇಬಾರದು. ಈ ಎರಡೂ ಕೋಣೆಗಳಿಗೆ ಅಮೆರಿಕದ ಆಶ್ರೇ ಸಂಸ್ಥೆಯ 170ನೇ ಮಾನದಂಡ ಹೇಳುವ ಕನಿಷ್ಠ ಒತ್ತಡದ ವ್ಯತ್ಯಾಸ 2.5 ಪಾಸ್ಕಲ್. ನೀರಿನ ಮಟ್ಟದಲ್ಲಿ ಹೇಳಿದರೆ ಕಾಲು ಮಿಲಿಮೀಟರ್ ಏರಿಳಿತ, ಅಷ್ಟೇ.

ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಗುವುದಿಲ್ಲ. ಫ್ಯಾನಿನ ಬೆಲ್ಟ್ ಸಡಿಲವಾಗಿಯೋ, ಫಿಲ್ಟರ್ ಕಟ್ಟಿಕೊಂಡೋ ಅದು ಇಲ್ಲವಾದರೆ ಶಸ್ತ್ರಚಿಕಿತ್ಸೆಯಲ್ಲಿ ಮಗ್ನರಾದ ವೈದ್ಯರಿಗೆ ತಿಳಿಯುವ ದಾರಿಯೇ ಇಲ್ಲ. ಅದನ್ನು ಗಮನಿಸಿ ಹೇಳುವ ಕೆಲಸ ಕಟ್ಟಡ ನಿರ್ವಹಣಾ ವ್ಯವಸ್ಥೆಯದು. ಎಂಜಿನಿಯರುಗಳ ಬಾಯಲ್ಲಿ ಅದು ಬಿಎಂಎಸ್. ಗಾಳಿ, ತಂಪು, ನೀರು, ವಿದ್ಯುತ್ತು, ಔಷಧಿಯ ಫ್ರಿಜ್, ಆಮ್ಲಜನಕದ ಕೊಳವೆ ಎಲ್ಲಕ್ಕೂ ಸೆನ್ಸರ್ ಕೂರಿಸಿ, ಅವು ಹೇಳುವುದನ್ನು ಒಂದೇ ಪರದೆಗೆ ತರುವ ಏರ್ಪಾಡು ಇದು.

ಈ ಏರ್ಪಾಡು ಕೆಲಸಕ್ಕೆ ಬರುತ್ತದೋ ಬರಿಯ ಅಲಂಕಾರವಾಗುತ್ತದೋ ಎಂಬುದು ಪರದೆಯ ಬಣ್ಣಬಣ್ಣದ ಚಿತ್ರಗಳಿಂದ ತೀರ್ಮಾನವಾಗುವುದಿಲ್ಲ. ಟೆಂಡರಿನ ಕಡೆಯ ಪುಟಗಳಲ್ಲಿ ಯಾರೂ ಓದದೆ ಬಿಡುವ ಒಂದು ಕೋಷ್ಟಕ ಅದನ್ನು ತೀರ್ಮಾನಿಸುತ್ತದೆ. ಅದರ ಹೆಸರು ಪಾಯಿಂಟ್ ಲಿಸ್ಟ್.

ಎಲ್ಲ ಕಂಪನಿಗಳ ನಡುವೆ ಒಂದು ಮಾತು

ಸೆನ್ಸರಿನಿಂದ ಬರುವ ಒಂದು ಅಳತೆ, ಯಂತ್ರಕ್ಕೆ ಹೋಗುವ ಒಂದು ಆಜ್ಞೆ, ಪರದೆಯಿಂದ ಬದಲಿಸಬಹುದಾದ ಒಂದು ಗುರಿಯ ಉಷ್ಣತೆ, ಇವುಗಳಲ್ಲಿ ಪ್ರತಿಯೊಂದೂ ಒಂದು 'ಪಾಯಿಂಟ್'. ಇನ್ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಇಂಥವು ನೂರಾರು. ಚಿಲ್ಲರ್ ಒಂದು ಕಂಪನಿಯದು, ಜನರೇಟರ್ ಇನ್ನೊಂದರದು, ಗಾಳಿಯನ್ನು ಸೋಸಿ ತಂಪು ಮಾಡಿ ಕಳಿಸುವ ಎಎಚ್‌ಯು ಪೆಟ್ಟಿಗೆಯ ಕಂಟ್ರೋಲರ್ ಮತ್ತೊಂದರದು. ಇವೆಲ್ಲ ಒಂದಕ್ಕೊಂದು ಮಾತಾಡಬೇಕಾದರೆ ಎಲ್ಲರೂ ಒಪ್ಪಿದ ಒಂದು ರೀತಿ ಬೇಕು.

ಎಂಬತ್ತರ ದಶಕದವರೆಗೆ ಅಂಥದ್ದು ಇರಲಿಲ್ಲ. ಒಂದು ಕಂಪನಿಯ ಕಂಟ್ರೋಲರ್ ಹಾಕಿಸಿದರೆ ಮುಂದಿನ ಬಿಡಿಭಾಗ, ವಿಸ್ತರಣೆ, ದುರಸ್ತಿ ಎಲ್ಲಕ್ಕೂ ಅದೇ ಕಂಪನಿಯ ಬಾಗಿಲಿಗೆ ಹೋಗಬೇಕಿತ್ತು. 1987ರಲ್ಲಿ ಆಶ್ರೇ ಒಂದು ಸಮಿತಿ ಮಾಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ಎಚ್. ಮೈಕೆಲ್ ನ್ಯೂಮನ್ ಅದರ ಅಧ್ಯಕ್ಷರು. ಎಂಟು ವರ್ಷದ ಚರ್ಚೆಯ ಬಳಿಕ 1995ರಲ್ಲಿ ಹೊರಬಂದದ್ದು ಆಶ್ರೇ 135 ಎಂಬ ಮಾನದಂಡ, ಅದೇ ಬ್ಯಾಕ್‌ನೆಟ್. 2003ರಲ್ಲಿ ಅದು ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡವೂ ಆಯಿತು.

ಬ್ಯಾಕ್‌ನೆಟ್‌ನ ಜಾಣತನ ಸರಳವಾದದ್ದು. ಕಂಟ್ರೋಲರಿನ ಒಳಗೆ ಏನೇ ಇರಲಿ, ಹೊರಗಿನವರಿಗೆ ಅದು ಕೆಲವು ಗೊತ್ತಾದ ನಮೂನೆಯ 'ಆಬ್ಜೆಕ್ಟ್'ಗಳಾಗಿ ಕಾಣಿಸಬೇಕು. ಏರಿಳಿಯುವ ಅಳತೆಯಾದರೆ AI, ಹೌದು-ಇಲ್ಲ ಎನ್ನುವ ಸ್ಥಿತಿಯಾದರೆ BI. ಕವಾಟವನ್ನು ಶೇಕಡಾ ಇಷ್ಟು ತೆರೆ ಎನ್ನುವ ಆಜ್ಞೆ AO, ಫ್ಯಾನ್ ಹಾಕು ಎನ್ನುವ ಆಜ್ಞೆ BO. ತಂತಿಯೇ ಇಲ್ಲದೆ ಕಂಟ್ರೋಲರಿನೊಳಗೆ ಮಾತ್ರ ಇರುವ ಸಂಖ್ಯೆ AV. ಪ್ರತಿ ಆಬ್ಜೆಕ್ಟಿಗೂ ಹೆಸರು, ಈಗಿನ ಬೆಲೆ, ಮಾನ, ಆರೋಗ್ಯದ ಸ್ಥಿತಿ ಎಂಬ ಗುಣಗಳಿರುತ್ತವೆ. ಯಾವ ಕಂಪನಿಯ ಪರದೆಯೇ ಆದರೂ ಯಾವ ಕಂಪನಿಯ ಕಂಟ್ರೋಲರಿನಿಂದಲೇ ಆದರೂ ಇವನ್ನು ಕೇಳಿ ಓದಬಹುದು.

ಒಂದು ಥಿಯೇಟರಿನ ಪಟ್ಟಿ

ನಮ್ಮ ಯಾವುದೋ ಜಿಲ್ಲಾ ಕೇಂದ್ರದಲ್ಲಿ ಹೊಸದಾಗಿ ಏಳುತ್ತಿರುವ 200 ಹಾಸಿಗೆಯ ಆಸ್ಪತ್ರೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಾಲ್ಕು ಥಿಯೇಟರು, ಪ್ರತಿಯೊಂದಕ್ಕೂ ಒಂದು ಪ್ರತ್ಯೇಕ ಎಎಚ್‌ಯು. ಒಂದನೇ ಥಿಯೇಟರಿನ ಎಎಚ್‌ಯುಗೆ ಏನೇನು ಪಾಯಿಂಟ್ ಬೇಕು?

ಮೊದಲು ಫ್ಯಾನು. ಅದನ್ನು ಚಾಲೂ ಮಾಡುವ ಆಜ್ಞೆ, ಅದು ತಿರುಗುತ್ತಿದೆಯೇ ಎಂಬ ವರದಿ, ಟ್ರಿಪ್ ಆಗಿದೆಯೇ ಎಂಬ ಸೂಚನೆ, ಪ್ಯಾನೆಲ್ ಮೇಲಿನ ಗುಂಡಿ ಆಟೋದಲ್ಲಿದೆಯೋ ಮ್ಯಾನ್ಯುಯಲ್‌ನಲ್ಲಿದೆಯೋ ಎಂಬ ಸ್ಥಿತಿ. ಜೊತೆಗೆ ವೇಗ ಬದಲಿಸುವ ಡ್ರೈವಿಗೆ ಹೋಗುವ ಆಜ್ಞೆ, ಅದರಿಂದ ಮರಳಿ ಬರುವ ವೇಗದ ಅಳತೆ. ಆಮೇಲೆ ತಣ್ಣೀರಿನ ಕವಾಟದ ಆಜ್ಞೆ ಮತ್ತು ಅದು ನಿಜಕ್ಕೂ ಎಷ್ಟು ತೆರೆದಿದೆ ಎಂಬ ಅಳತೆ, ತೇವ ಇಳಿಸಲು ಬೇಕಾದ ಹೀಟರಿನ ಆಜ್ಞೆ, ಹೊರಗಿನ ಗಾಳಿಯ ಡ್ಯಾಂಪರಿನ ಆಜ್ಞೆ. ಒಳಹೋಗುವ ಗಾಳಿಯ ಉಷ್ಣತೆ, ಮರಳುವ ಗಾಳಿಯ ಉಷ್ಣತೆ ಮತ್ತು ತೇವಾಂಶ, ಗಾಳಿಯ ಪ್ರಮಾಣ. ಮೊದಲ ಎರಡು ಫಿಲ್ಟರುಗಳಿಗೆ ಕಟ್ಟಿಕೊಂಡಾಗ ಸೂಚಿಸುವ ಒಂದೊಂದು ಸ್ವಿಚ್, ಕೊನೆಯ ಹೆಪಾ ಫಿಲ್ಟರಿಗೆ ಮಾತ್ರ ಸಂಖ್ಯೆಯನ್ನೇ ಕೊಡುವ ಸೆನ್ಸರ್. ಬೆಂಕಿ ಡ್ಯಾಂಪರಿನ ಸ್ಥಿತಿ. ಕಡೆಗೆ, ಎಲ್ಲಕ್ಕಿಂತ ಮುಖ್ಯವಾದ ಕೋಣೆಯ ಒತ್ತಡ.

ಎಣಿಸಿದರೆ ತಂತಿಯಿರುವ ಪಾಯಿಂಟು 19. ಅವುಗಳಲ್ಲಿ 8 ಅಳತೆ, 6 ಸ್ಥಿತಿ, 4 ಏರಿಳಿಯುವ ಆಜ್ಞೆ, 1 ಚಾಲೂ-ಬಂದ್ ಆಜ್ಞೆ. ಇವಕ್ಕೆ ತಂತಿಯಿಲ್ಲದ ಮೂರು ಸೇರುತ್ತವೆ: ಗುರಿಯ ಉಷ್ಣತೆ, ಗುರಿಯ ತೇವಾಂಶ, ಮತ್ತು ಥಿಯೇಟರು ಬಳಕೆಯಲ್ಲಿದೆಯೋ ಖಾಲಿಯಿದೆಯೋ ಶುಚಿಗೊಳಿಸುವಿಕೆಯಲ್ಲಿದೆಯೋ ಎಂಬ ಸ್ಥಿತಿ. ಒಟ್ಟು 22. ಪಟ್ಟಿಯ ಕೆಲವು ಸಾಲುಗಳು ಹೀಗೆ ಕಾಣುತ್ತವೆ:

```
AHU-OT1-SF-CMD    BO-1
AHU-OT1-SF-STS    BI-1
AHU-OT1-CHW-VLV   AO-2   %
AHU-OT1-RM-DP     AI-7   Pa
AHU-OT1-RM-TSP    AV-1   °C
```

ಈ ಪಟ್ಟಿಯಲ್ಲಿ ದುಡ್ಡು ಉಳಿಸಲು ಹೋಗಿ ಕೆಡಿಸಿಕೊಳ್ಳುವ ಜಾಗ ಎರಡನೇ ಸಾಲು, ಅಂದರೆ ಫ್ಯಾನು ತಿರುಗುತ್ತಿದೆಯೇ ಎಂಬ ವರದಿ. ಇದನ್ನು ಸ್ಟಾರ್ಟರಿನ ಕಾಂಟ್ಯಾಕ್ಟಿನಿಂದ ತೆಗೆದುಕೊಂಡರೆ ಖರ್ಚೇ ಇಲ್ಲ, ಒಂದು ಜೋಡಿ ತಂತಿ ಸಾಕು. ಆದರೆ ಆ ಕಾಂಟ್ಯಾಕ್ಟು ಹೇಳುವುದು ಮೋಟಾರಿಗೆ ವಿದ್ಯುತ್ತು ಹೋಗಿದೆ ಎಂದಷ್ಟೇ. ಬೆಲ್ಟ್ ಹರಿದು ಮೋಟಾರು ಸುಮ್ಮನೆ ತಿರುಗುತ್ತಿದ್ದರೂ ಪರದೆಯ ಮೇಲೆ ಹಸಿರು ದೀಪವೇ. ಫ್ಯಾನಿನ ಎರಡು ಬದಿಯ ಗಾಳಿಯ ಒತ್ತಡ ನೋಡುವ ಸ್ವಿಚ್ ಹಾಕಿದರೆ, ಇಲ್ಲವೇ ಮೋಟಾರು ಎಳೆಯುವ ಕರೆಂಟನ್ನು ಅಳೆಯುವ ರಿಲೇ ಹಾಕಿದರೆ, ಬೆಲ್ಟ್ ಹರಿದದ್ದು ಕೂಡಲೇ ಗೊತ್ತಾಗುತ್ತದೆ. ಹೊರೆ ಇಲ್ಲದ ಮೋಟಾರು ಕಡಿಮೆ ಕರೆಂಟು ಎಳೆಯುತ್ತದಲ್ಲ. ಪಟ್ಟಿಯಲ್ಲಿ 'ಫ್ಯಾನ್ ಸ್ಥಿತಿ' ಎಂದಷ್ಟೇ ಬರೆದರೆ ಕಾಂಟ್ರಾಕ್ಟರು ಅಗ್ಗದ್ದನ್ನೇ ಹಾಕುತ್ತಾನೆ, ಅವನನ್ನು ದೂರುವಂತೆಯೂ ಇಲ್ಲ. ಅಳತೆ ಎಲ್ಲಿಂದ, ಯಾವ ಉಪಕರಣದಿಂದ ಎಂಬುದು ಸಾಲಿನಲ್ಲೇ ಬರೆದಿರಬೇಕು.

ಅಲಾರಂ ಯಾರಿಗೆ, ಯಾವಾಗ

ಬಹುತೇಕ ಪಟ್ಟಿಗಳು ಇಲ್ಲಿಗೆ ಮುಗಿಯುತ್ತವೆ. ಆಸ್ಪತ್ರೆಗೆ ಬೇಕಾದ ಪಟ್ಟಿ ಇಲ್ಲಿಂದ ಶುರುವಾಗಬೇಕು. ಕೋಣೆಯ ಒತ್ತಡ ಎಷ್ಟಕ್ಕೆ ಇಳಿದರೆ ಅಲಾರಂ ಆಗಬೇಕು, ಎಷ್ಟು ಹೊತ್ತು ಇಳಿದೇ ಇದ್ದರೆ ಆಗಬೇಕು, ಆದಾಗ ಯಾರ ಫೋನು ಸದ್ದು ಮಾಡಬೇಕು?

ನಮ್ಮ ಥಿಯೇಟರನ್ನು 8 ಪಾಸ್ಕಲ್ ಒತ್ತಡಕ್ಕೆ ವಿನ್ಯಾಸ ಮಾಡಿದ್ದಾರೆ ಎಂದುಕೊಳ್ಳಿ. ಮಾನದಂಡದ 2.5ಕ್ಕೆ ಇಳಿದ ಮೇಲೆ ಕೂಗಿ ಪ್ರಯೋಜನವಿಲ್ಲ, ಅದಕ್ಕೂ ಮುಂಚೆ 4ರಲ್ಲೇ ಎಚ್ಚರಿಸಬೇಕು. ಆದರೆ ಸ್ಟ್ರೆಚರ್ ಒಳಬರುವಾಗ ಬಾಗಿಲು ತೆರೆದರೆ ಒತ್ತಡ ಸೊನ್ನೆಗೇ ಬೀಳುತ್ತದೆ. ಪ್ರತಿ ಸಲವೂ ಅಲಾರಂ ಆದರೆ ಎರಡೇ ದಿನದಲ್ಲಿ ಯಾರೋ ಅದರ ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ 60 ಸೆಕೆಂಡಿನ ತಡ ಕೊಡುತ್ತಾರೆ. ಇನ್ನು, ಅಳತೆ 4ರ ಆಚೀಚೆ ತೂಗಾಡುತ್ತಿದ್ದರೆ ಅಲಾರಂ ಬಂದು ಹೋಗಿ ಬಂದು ಹೋಗಿ ಕಾಡುತ್ತದೆ. ಅದಕ್ಕೆ 1 ಪಾಸ್ಕಲಿನ ಅಂತರ. 4ಕ್ಕಿಂತ ಕೆಳಗೆ ಹೋದದ್ದು 5ನ್ನು ದಾಟಿ ಮೇಲೆ ಬಂದರೆ ಮಾತ್ರ ಸರಿಯಾಯಿತೆಂದು ಲೆಕ್ಕ. ಬ್ಯಾಕ್‌ನೆಟ್‌ನಲ್ಲಿ ಇವೆಲ್ಲ ಆ ಪಾಯಿಂಟಿನದೇ ಗುಣಗಳು:

```
AHU-OT1-RM-DP
Low_Limit           4.0
Deadband            1.0
Time_Delay          60
Notification_Class  10
```

ಕಡೆಯ ಸಾಲಿನ 10 ಎಂಬುದು ಅಲಾರಂ ಯಾರಿಗೆ ಹೋಗಬೇಕು ಎಂಬುದರ ಪಟ್ಟಿಯ ಸಂಖ್ಯೆ. ಹತ್ತನೇ ಪಟ್ಟಿಯಲ್ಲಿ ಪಾಳಿಯ ಎಂಜಿನಿಯರ್ ಮತ್ತು ಥಿಯೇಟರಿನ ಇನ್‌ಚಾರ್ಜ್ ಸಿಸ್ಟರ್ ಇರಬೇಕು. ನೆಲಮಾಳಿಗೆಯ ಎಕ್ಸಾಸ್ಟ್ ಫ್ಯಾನಿನ ಅಲಾರಂ ಈ ಇಬ್ಬರಲ್ಲಿ ಸಿಸ್ಟರಿಗೆ ಹೋಗಲೇಬಾರದು. ಅದಕ್ಕೆ ಬೇರೆ ಸಂಖ್ಯೆ, ಬೇರೆ ಜನ.

ಐಸೊಲೇಷನ್ ಕೋಣೆಗೆ ಇದೇ ಲೆಕ್ಕ ತಲೆಕೆಳಗಾಗಿ ಬರುತ್ತದೆ, ಅಲ್ಲೇ ತಪ್ಪುಗಳೂ ಆಗುತ್ತವೆ. ಅಲ್ಲಿನ ಒತ್ತಡ ಮೈನಸ್ 8. ಕೆಳಮಿತಿ ಹಾಕಿದರೆ ಅರ್ಥವಿಲ್ಲ, ಮೈನಸ್ 4ರ ಮೇಲ್ಮಿತಿ ಹಾಕಬೇಕು. ಸೆನ್ಸರಿಗೆ ಎರಡು ಸಣ್ಣ ಕೊಳವೆಗಳಿರುತ್ತವೆ, ಒಂದು ಕೋಣೆಗೆ, ಇನ್ನೊಂದು ಓಣಿಗೆ. ಕೂರಿಸುವವನು ಅದಲುಬದಲು ಮಾಡಿದರೆ ಕೋಣೆಯ ಗಾಳಿ ಹೊರಗೆ ಬರುತ್ತಿದ್ದರೂ ಪರದೆ ಒಳಗೆ ಹೋಗುತ್ತಿದೆ ಎನ್ನುತ್ತದೆ. ಪತ್ತೆ ಮಾಡುವುದು ಸುಲಭ. ಬಾಗಿಲಿನ ಕೆಳಗಿನ ಸಂದಿಗೆ ಒಂದು ತೆಳ್ಳಗಿನ ಟಿಶ್ಯೂ ಕಾಗದ ಹಿಡಿದರೆ ಅದು ಯಾವ ಕಡೆ ಬಾಗುತ್ತದೆಂದು ನೋಡಿದರಾಯಿತು. ಕಾಗದ ಹೇಳಿದ್ದಕ್ಕೂ ಪರದೆ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಕಾಗದವನ್ನೇ ನಂಬಬೇಕು.

ಯಾವುದು ಬೇಡ

ನಾಲ್ಕು ಥಿಯೇಟರು, ಐಸಿಯು, ವಾರ್ಡುಗಳ ಎಎಚ್‌ಯು, ಎಕ್ಸಾಸ್ಟ್ ಫ್ಯಾನು, ಚಿಲ್ಲರ್ ಕೋಣೆ, ನೀರಿನ ಟ್ಯಾಂಕು, ರಕ್ತನಿಧಿ ಮತ್ತು ಲಸಿಕೆಯ ಫ್ರಿಜ್ ಎಲ್ಲ ಸೇರಿಸಿದರೆ ಇಂಥ ಆಸ್ಪತ್ರೆಯಲ್ಲಿ ತಂತಿಯಿರುವ ಪಾಯಿಂಟು ಸುಮಾರು 500 ಆಗುತ್ತದೆ. ಇದರ ಮೇಲೆ ಬರುವುದು ತಂತಿ ಬೇಡದ, ಯಂತ್ರವೇ ತನ್ನ ಕಂಪ್ಯೂಟರಿನಿಂದ ಕಳಿಸುವ ಮಾಹಿತಿ. ಜನರೇಟರು, ವಿದ್ಯುತ್ ಮೀಟರು ಮುಂತಾದವು ಸಾಮಾನ್ಯವಾಗಿ ಮಾಡ್‌ಬಸ್ ಎಂಬ ಬೇರೆ ರೀತಿಯಲ್ಲಿ ಮಾತಾಡುತ್ತವೆ. ಅದನ್ನು ಬ್ಯಾಕ್‌ನೆಟ್‌ಗೆ ಬದಲಿಸಲು ಗೇಟ್‌ವೇ ಎಂಬ ಪೆಟ್ಟಿಗೆ ಬೇಕು.

ಒಂದು ಒಳ್ಳೆಯ ವಿದ್ಯುತ್ ಮೀಟರು ನೂರಕ್ಕೂ ಹೆಚ್ಚು ಸಂಖ್ಯೆಗಳನ್ನು ಕೊಡಬಲ್ಲದು. 'ಹೇಗೂ ಬರುತ್ತದಲ್ಲ, ಎಲ್ಲ ತೆಗೆದುಕೊಳ್ಳಿ' ಎಂಬ ಆಸೆ ಸಹಜ. 25 ಮೀಟರಿನಿಂದ ತಲಾ ನೂರು ತೆಗೆದುಕೊಂಡರೆ 2,500 ಪಾಯಿಂಟು. ಪರದೆಯ ಸಾಫ್ಟ್‌ವೇರಿನ ಲೈಸೆನ್ಸು ಎಷ್ಟೋ ಕಡೆ ಪಾಯಿಂಟಿನ ಲೆಕ್ಕದಲ್ಲೇ ಮಾರಾಟವಾಗುತ್ತದೆ. ತಂತಿಯ ಮೇಲಿನ ಸಂಚಾರವೂ ಹೆಚ್ಚುತ್ತದೆ. ಮೂರೂ ಫೇಸಿನ ವೋಲ್ಟೇಜು, ಕರೆಂಟು, ಒಟ್ಟು ಶಕ್ತಿ, ಪವರ್ ಫ್ಯಾಕ್ಟರ್ ಎಂಬ ಹನ್ನೆರಡರೊಳಗಿನ ಆಯ್ಕೆ ಸಾಕು. ಯಾವುದಾದರೂ ಸಂಖ್ಯೆಯನ್ನು ಯಾರೂ ನೋಡಿ ಏನೂ ಮಾಡುವುದಿಲ್ಲ ಎಂದರೆ ಅದು ಪಟ್ಟಿಯಲ್ಲಿ ಇರಬೇಕಾಗಿಲ್ಲ.

ಇನ್ನು ಕೆಲವನ್ನು ಓದಬೇಕು, ಮುಟ್ಟಬಾರದು. ಆಮ್ಲಜನಕದ ಕೊಳವೆಯ ಒತ್ತಡ ಬಿಎಂಎಸ್ ಪರದೆಗೆ ಬರಲಿ, ಆದರೆ ಅದರ ಕವಾಟಕ್ಕೆ ಪರದೆಯಿಂದ ಆಜ್ಞೆ ಹೋಗುವ ದಾರಿಯೇ ಇರಬಾರದು. ಅದರ ಅಲಾರಂ ಪೆಟ್ಟಿಗೆಯೂ ಸ್ವತಂತ್ರವಾಗಿಯೇ ಇರಬೇಕು. ಬೆಂಕಿ ಎಚ್ಚರಿಕೆಯ ಪ್ಯಾನೆಲಿಗೂ ಇದೇ ಮಾತು. ಬೆಂಕಿ ಬಿದ್ದಾಗ ಎಎಚ್‌ಯು ನಿಲ್ಲಿಸುವ ಸಂಕೇತ ನೇರ ತಂತಿಯಲ್ಲೇ ಹೋಗಬೇಕು, ನೆಟ್‌ವರ್ಕನ್ನು ನೆಚ್ಚಬಾರದು.

ಪಟ್ಟಿಯಿಂದ ಜಾಲಕ್ಕೆ

ಪಟ್ಟಿ ಮುಗಿದ ಮೇಲೆ ಜಾಲದ ನಕ್ಷೆ ಬರೆಯಬೇಕು. ಅದರ ಮೊದಲ ನಿಯಮ ಇದು: ಜಾಲ ಪೂರ್ತಿ ಸತ್ತರೂ ಥಿಯೇಟರಿನ ಗಾಳಿ ಕೆಡಬಾರದು. ಅಂದರೆ ಕೋಣೆಯ ಒತ್ತಡದ ಸೆನ್ಸರೂ ಫ್ಯಾನಿನ ವೇಗದ ಆಜ್ಞೆಯೂ ಒಂದೇ ಕಂಟ್ರೋಲರಿಗೆ ಸೇರಿರಬೇಕು, ಒತ್ತಡ ಇಳಿದರೆ ವೇಗ ಹೆಚ್ಚಿಸುವ ಲೆಕ್ಕ ಆ ಕಂಟ್ರೋಲರಿನೊಳಗೇ ನಡೆಯಬೇಕು. ಸೆನ್ಸರು ಒಂದರಲ್ಲಿ, ಫ್ಯಾನು ಇನ್ನೊಂದರಲ್ಲಿ, ಲೆಕ್ಕ ಸರ್ವರಿನಲ್ಲಿ ಎಂದಾದರೆ ಒಂದು ಸ್ವಿಚ್ ಕೆಟ್ಟರೆ ಥಿಯೇಟರೇ ಕೆಟ್ಟಂತೆ. ದಾಖಲೆಯೂ ಹಾಗೇ. ಪ್ರತಿ ಐದು ನಿಮಿಷದ ಒತ್ತಡದ ಅಳತೆಯನ್ನು ಕಂಟ್ರೋಲರ್ ತನ್ನಲ್ಲೇ ಬರೆದಿಟ್ಟುಕೊಂಡು ಆಮೇಲೆ ಸರ್ವರಿಗೆ ಕೊಡುವಂತಿದ್ದರೆ, ಸರ್ವರು ಮಲಗಿದ್ದ ಹೊತ್ತಿನ ದಾಖಲೆ ಕಳೆದುಹೋಗುವುದಿಲ್ಲ.

ಕಂಟ್ರೋಲರುಗಳನ್ನು ಜೋಡಿಸಲು ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಒಂದು, ಕಂಪ್ಯೂಟರುಗಳಂತೆಯೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಸ್ವಿಚ್ಚಿಗೆ ಸೇರಿಸುವ ಬ್ಯಾಕ್‌ನೆಟ್ ಐಪಿ. ಇನ್ನೊಂದು, ಒಂದು ಜೋಡಿ ತಂತಿಯನ್ನು ಒಂದು ಕಂಟ್ರೋಲರಿನಿಂದ ಮುಂದಿನದಕ್ಕೆ, ಅಲ್ಲಿಂದ ಮುಂದಿನದಕ್ಕೆ ಎಂದು ಎಳೆಯುತ್ತ ಹೋಗುವ ಎಂಎಸ್‌ಟಿಪಿ. ಎರಡನೆಯದು ಅಗ್ಗ, ಒಂದು ಎಳೆ 1,200 ಮೀಟರ್‌ವರೆಗೆ ಹೋಗಬಹುದು. ಆದರೆ ನಿಧಾನ. ಗ್ರಾಮಸಭೆಯಲ್ಲಿ ಒಂದೇ ಮೈಕು ಕೈಯಿಂದ ಕೈಗೆ ದಾಟುವಂತೆ ಇಲ್ಲಿ 'ಟೋಕನ್' ಎಂಬ ಸಂದೇಶ ದಾಟುತ್ತದೆ, ಅದು ಕೈಗೆ ಬಂದವರು ಮಾತ್ರ ಮಾತಾಡಬಹುದು.

ಈ ಟೋಕನ್ 8 ಬೈಟಿನ ಸಂದೇಶ. ಸೆಕೆಂಡಿಗೆ 38,400 ಬಿಟ್ ವೇಗದ ತಂತಿಯಲ್ಲಿ ಅದನ್ನು ದಾಟಿಸಲು 2 ಮಿಲಿಸೆಕೆಂಡು ಸಾಕು. ಮೂವತ್ತು ಕಂಟ್ರೋಲರಿದ್ದರೂ ಸುತ್ತು ಬೇಗನೇ ಮುಗಿಯಬೇಕು. ಆದರೆ ವಿಳಾಸಗಳನ್ನು 1, 2, 3 ಎಂದು ಸಾಲಾಗಿ ಕೊಡದೆ 5, 40, 90 ಎಂದು ಬಿಡಿಬಿಡಿಯಾಗಿ ಕೊಟ್ಟರೆ, ಪ್ರತಿಯೊಂದೂ ನಡುವಿನ ಖಾಲಿ ವಿಳಾಸಗಳಲ್ಲಿ ಯಾರಾದರೂ ಬಂದಿದ್ದಾರೆಯೇ ಎಂದು ಆಗಾಗ ಕರೆದು ನೋಡುತ್ತದೆ. ಇಲ್ಲದವರ ಉತ್ತರಕ್ಕೆ ಪ್ರತಿ ಸಲ 20 ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು, ಅಂದರೆ ಹತ್ತು ಟೋಕನ್ ದಾಟಿಸುವಷ್ಟು ಹೊತ್ತು. ಪರದೆಯಲ್ಲಿ ಸಂಖ್ಯೆಗಳು ತಡವಾಗಿ ಬದಲಾಗುವುದು, ಕೆಲವು ಕಂಟ್ರೋಲರುಗಳು ಕಾಣೆಯಾಗಿ ಮತ್ತೆ ಬರುವುದು ಇಂಥದ್ದರ ಲಕ್ಷಣ. ವಿಳಾಸ ಸಾಲಾಗಿ ಕೊಟ್ಟು, `Max_Master` ಎಂಬ ಮಿತಿಯನ್ನು ಹುಟ್ಟುಬೆಲೆ 127ರಿಂದ ಆ ಎಳೆಯ ಕೊನೆಯ ವಿಳಾಸಕ್ಕೆ ಇಳಿಸಿದರೆ ಖರ್ಚಿಲ್ಲದೆ ಸರಿಹೋಗುತ್ತದೆ. ತಂತಿಯನ್ನು ಕವಲೊಡೆಸದೆ ಒಂದೇ ಸಾಲಿನಲ್ಲಿ ಎಳೆದು, ಎರಡು ತುದಿಗಳಲ್ಲಿ ಮಾತ್ರ 120 ಓಮಿನ ರೆಸಿಸ್ಟರ್ ಹಾಕುವುದೂ ಅಷ್ಟೇ ಮುಖ್ಯ.

ನಮ್ಮ ಆಸ್ಪತ್ರೆಗೆ ಹಂಚಿಕೆ ಹೀಗಿರಲಿ. ಥಿಯೇಟರು, ಐಸಿಯು, ಐಸೊಲೇಷನ್ ಕೋಣೆ, ಚಿಲ್ಲರ್ ಕೋಣೆ ಇವುಗಳ ಕಂಟ್ರೋಲರುಗಳೆಲ್ಲ ಐಪಿ. ವಾರ್ಡಿನ ಎಎಚ್‌ಯು, ಎಕ್ಸಾಸ್ಟ್ ಫ್ಯಾನು ಮುಂತಾದವು ನಾಲ್ಕು ಎಂಎಸ್‌ಟಿಪಿ ಎಳೆಗಳಲ್ಲಿ, ಒಂದು ಎಳೆಗೆ ಮೂವತ್ತರ ಮಿತಿಯಲ್ಲಿ. ಒಂದು ಎಳೆಯಲ್ಲಿ ಯಾರೋ ತಂತಿ ತಿರುಗಿಸಿ ಹಾಕಿದರೆ ಆ ಎಳೆಯೆಲ್ಲ ಮೌನವಾಗಬಹುದು. ಆ ಮೌನ ಥಿಯೇಟರಿಗೆ ತಟ್ಟಬಾರದು.

ಐಪಿ ಕಡೆ ಬರುವ ತೊಡಕು ಬೇರೆ ಬಗೆಯದು. ಬ್ಯಾಕ್‌ನೆಟ್ ಸಾಧನಗಳು ಒಬ್ಬರನ್ನೊಬ್ಬರು ಹುಡುಕುವುದು 'ಯಾರಿದ್ದೀರಿ' ಎಂದು ಎಲ್ಲರಿಗೂ ಕೇಳುವಂತೆ ಕೂಗಿ. ಆ ಕೂಗು ನೆಟ್‌ವರ್ಕಿನ ಒಂದು ವಿಭಾಗದಿಂದ ಇನ್ನೊಂದಕ್ಕೆ ರೌಟರ್ ದಾಟಿ ಹೋಗುವುದಿಲ್ಲ. ಹಳೆ ಬ್ಲಾಕು ಒಂದು ವಿಭಾಗದಲ್ಲಿ, ಹೊಸ ಬ್ಲಾಕು ಇನ್ನೊಂದರಲ್ಲಿ ಇದ್ದರೆ ಅರ್ಧ ಕಟ್ಟಡವೇ ಪರದೆಯಿಂದ ಮಾಯ. ಇದಕ್ಕೆ ಬಿಬಿಎಂಡಿ ಎಂಬ ದಾಟಿಸುವ ಸಾಧನವಿದೆ, ವಿಭಾಗಕ್ಕೆ ಒಂದರಂತೆ. ಅದನ್ನು ಒಂದೇ ವಿಭಾಗದಲ್ಲಿ ಎರಡು ಕೂರಿಸಿದರೆ ಒಂದೇ ಕೂಗು ಎರಡೆರಡು ಸಲ ಹರಡಿ ಜಾಲ ಗೊಂದಲಕ್ಕೆ ಬೀಳುತ್ತದೆ. ನಲವತ್ತು ಐವತ್ತು ಐಪಿ ಸಾಧನಗಳಿರುವ ಮಧ್ಯಮ ಗಾತ್ರದ ಆಸ್ಪತ್ರೆಗೆ ಈ ಉಸಾಬರಿಯೇ ಬೇಡ. ಬಿಎಂಎಸ್‌ಗೆಂದೇ ಪ್ರತ್ಯೇಕವಾದ ಒಂದು ವಿ-ಲ್ಯಾನ್ ಮಾಡಿ ಎಲ್ಲವನ್ನೂ ಅದರಲ್ಲಿಟ್ಟರೆ ಕೂಗು ಎಲ್ಲರಿಗೂ ಕೇಳುತ್ತದೆ.

ಪ್ರತಿ ಸಾಧನಕ್ಕೂ ಇಡೀ ಆಸ್ಪತ್ರೆಯಲ್ಲಿ ಬೇರಾರಿಗೂ ಇಲ್ಲದ ಒಂದು ಸಂಖ್ಯೆ ಬೇಕು. ಇದನ್ನು ಲೆಕ್ಕದಿಂದಲೇ ಹುಟ್ಟಿಸುವುದು ಒಳ್ಳೆಯದು. 2101ನೇ ಎಳೆಯ 14ನೇ ವಿಳಾಸದ ಸಾಧನಕ್ಕೆ 210114. ಇಬ್ಬರಿಗೆ ಒಂದೇ ಸಂಖ್ಯೆ ಬಿದ್ದರೆ ಒಮ್ಮೆ ಒಂದು ಕೋಣೆಯ ಉಷ್ಣತೆ, ಇನ್ನೊಮ್ಮೆ ಬೇರೆ ಕೋಣೆಯದು ಒಂದೇ ಜಾಗದಲ್ಲಿ ಕಾಣಿಸಿ ಎಂಜಿನಿಯರಿಗೆ ತಲೆಕೆಡುತ್ತದೆ.

ನೇರ ಗೆರೆಯನ್ನು ನಂಬಬೇಡಿ

ಈಗ ಒಂದು ತೊಂದರೆಯನ್ನು ಕೊನೆಯವರೆಗೆ ಬೆನ್ನಟ್ಟಿ ನೋಡೋಣ. ಐಸೊಲೇಷನ್ ಕೋಣೆಯ ಒತ್ತಡ ಪರದೆಯಲ್ಲಿ ಮೈನಸ್ 8.0 ಎಂದಿದೆ. ಅಲಾರಂ ಇಲ್ಲ, ಎಲ್ಲ ಹಸಿರು. ಆದರೆ ವಾರದ ಗ್ರಾಫ್ ತೆಗೆದರೆ ಎಳೆದಿಟ್ಟ ದಾರದಂತೆ ನೇರ ಗೆರೆ. ಅನುಭವಿ ಎಂಜಿನಿಯರಿಗೆ ಅಷ್ಟೇ ಸಾಕು, ಏನೋ ಸರಿಯಿಲ್ಲ. ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆಯುವ ಕೋಣೆಯ ಒತ್ತಡ ನಡುಗದೆ ಇರಲು ಸಾಧ್ಯವಿಲ್ಲ.

ಕಾರಣ ಮೂರರಲ್ಲಿ ಒಂದು ಇರಬಹುದು. ಮೊದಲನೆಯದು, ಪರೀಕ್ಷೆಯ ದಿನ ಯಾರೋ ಸೆನ್ಸರನ್ನು ಬದಿಗಿಟ್ಟು ಕೈಯಿಂದ ಬೆಲೆ ಬರೆದು ಹಾಗೇ ಬಿಟ್ಟಿರುವುದು. ಬ್ಯಾಕ್‌ನೆಟ್‌ನಲ್ಲಿ ಇದಕ್ಕೆ `Out_Of_Service` ಎಂಬ ಗುಣವಿದೆ. ಅದು ನಿಜವೆಂದಿದ್ದರೆ ಪಾಯಿಂಟು ಸೆನ್ಸರಿನ ಮಾತು ಕೇಳುವುದಿಲ್ಲ, ಬರೆದಿಟ್ಟ ಸಂಖ್ಯೆಯನ್ನೇ ಹೇಳುತ್ತಿರುತ್ತದೆ. ಇದನ್ನು ಕಂಡುಹಿಡಿಯಲು `Status_Flags` ಓದಬೇಕು. ಅದರಲ್ಲಿ ನಾಲ್ಕು ಗುರುತುಗಳು, ಕ್ರಮವಾಗಿ ಅಲಾರಂ, ದೋಷ, ಸ್ಥಳದಲ್ಲೇ ಮಾಡಿದ ಬದಲಾವಣೆ, ಸೇವೆಯಿಂದ ಹೊರಗೆ. ನಾಲ್ಕನೆಯದು ಮಾತ್ರ ನಿಜವಾಗಿದ್ದರೆ ಕಳ್ಳ ಸಿಕ್ಕಂತೆ.

ಆ ಗುರುತುಗಳೆಲ್ಲ ಶುದ್ಧವಾಗಿದ್ದರೆ ಲ್ಯಾಪ್‌ಟಾಪ್ ಹಿಡಿದು ನೇರ ಕಂಟ್ರೋಲರಿನಿಂದಲೇ ಬೆಲೆ ಓದಿ, ಅದೇ ಹೊತ್ತಿಗೆ ಒಬ್ಬರು ಬಾಗಿಲು ತೆರೆಯಬೇಕು. ಕಂಟ್ರೋಲರಿನಲ್ಲಿ ಸಂಖ್ಯೆ ಕುಣಿದು ಪರದೆಯಲ್ಲಿ ಮಾತ್ರ ನಿಂತಿದ್ದರೆ ಎರಡನೇ ಕಾರಣ. ಸಂಚಾರ ಕಡಿಮೆ ಮಾಡಲೆಂದು ಕಂಟ್ರೋಲರುಗಳು ಬೆಲೆ ಸಾಕಷ್ಟು ಬದಲಾದಾಗ ಮಾತ್ರ ಪರದೆಗೆ ತಿಳಿಸುತ್ತವೆ. ಎಷ್ಟು ಬದಲಾದರೆ ಎಂಬುದು `COV_Increment`. ಬೇರೆ ಯಾವುದೋ ಅಳತೆಗೆ ಹೊಂದುವ ದೊಡ್ಡ ಬೆಲೆಯನ್ನು, ಉದಾಹರಣೆಗೆ 10 ಅನ್ನು, ಒತ್ತಡಕ್ಕೂ ನಕಲು ಮಾಡಿದ್ದರೆ ಮೈನಸ್ 8ರಿಂದ ಸೊನ್ನೆಗೆ ಬಿದ್ದರೂ ಪರದೆಗೆ ಸುದ್ದಿ ಹೋಗದು. ಒತ್ತಡಕ್ಕೆ 0.5 ಇಟ್ಟರೆ ಸರಿ.

ಕಂಟ್ರೋಲರಿನಲ್ಲೂ ಸಂಖ್ಯೆ ಅಲುಗದಿದ್ದರೆ ಮೂರನೆಯದು. ಕೊಳವೆ ಮಡಚಿಕೊಂಡಿದೆ, ಬಣ್ಣ ಬಳಿಯುವವರು ಅದರ ಬಾಯಿ ಮುಚ್ಚಿದ್ದಾರೆ, ಇಲ್ಲವೇ ಸೆನ್ಸರೇ ಕೆಟ್ಟಿದೆ. ಕೈಯಲ್ಲಿ ಹಿಡಿಯುವ ಒತ್ತಡ ಮಾಪಕ ತಂದು ಹೋಲಿಸಿದರೆ ಗೊತ್ತಾಗುತ್ತದೆ. ಗಮನಿಸಿ, ಈ ಮೂರರಲ್ಲಿ ಯಾವುದಾದರೂ ಅಲಾರಂ ತಾನಾಗಿ ಬರುವುದಿಲ್ಲ. ಹಾಗಾಗಿ ಜಾಣರು ಪಟ್ಟಿಗೆ ಇನ್ನೊಂದು ಸಾಲು ಸೇರಿಸುತ್ತಾರೆ: ಆರು ಗಂಟೆ ಕಾಲ ಒತ್ತಡ ಅಲುಗಲೇ ಇಲ್ಲವೆಂದರೆ ಅದೂ ಒಂದು ಅಲಾರಂ.

ಇದರ ಒಡಹುಟ್ಟಿದ ತೊಂದರೆ ಆಜ್ಞೆಗಳ ಕಡೆಯದು. ಬ್ಯಾಕ್‌ನೆಟ್‌ನಲ್ಲಿ ಒಂದು ಆಜ್ಞೆಯ ಪಾಯಿಂಟಿಗೆ ಹದಿನಾರು ಮೆಟ್ಟಿಲ ಆದ್ಯತೆಯಿದೆ. 1 ಎಲ್ಲಕ್ಕಿಂತ ಮೇಲೆ, 16 ಕೆಳಗೆ. ಪರದೆಯ ಮುಂದಿನ ಆಪರೇಟರ್ ಕೈಯಿಂದ ಮಾಡುವುದು 8ರಲ್ಲಿ, ವೇಳಾಪಟ್ಟಿ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. ದುರಸ್ತಿಗೆಂದು ಒಬ್ಬರು ಫ್ಯಾನನ್ನು ನಿಲ್ಲಿಸಿದರು ಎನ್ನಿ:

```
AHU-OT1-SF-CMD
Priority_Array[8]   Inactive
Priority_Array[16]  Active
Present_Value       Inactive
```

ಬೆಳಗ್ಗೆ ವೇಳಾಪಟ್ಟಿ 'ಹಾಕು' ಎಂದರೂ 8ರ ಮಾತೇ ನಡೆಯುತ್ತದೆ, ಫ್ಯಾನು ಮೇಲೇಳುವುದಿಲ್ಲ. ಮತ್ತೆ 8ರಲ್ಲೇ 'ಹಾಕು' ಎಂದು ಒತ್ತುವುದು ಪರಿಹಾರವಲ್ಲ. ಆಗ ಅದು ಎಂದೆಂದಿಗೂ ಓಡುತ್ತಲೇ ಇರುತ್ತದೆ. 8ನೇ ಮೆಟ್ಟಿಲಿಗೆ `NULL` ಬರೆದು ಅದನ್ನು ಖಾಲಿ ಮಾಡಿದರೆ ಮಾತ್ರ ಅಧಿಕಾರ ವೇಳಾಪಟ್ಟಿಗೆ ಮರಳುತ್ತದೆ. 8ರಲ್ಲಿ ಏನಾದರೂ ಉಳಿದಿರುವ ಪಾಯಿಂಟುಗಳ ಪಟ್ಟಿಯನ್ನು ಪ್ರತಿ ಪಾಳಿಯ ಕೊನೆಗೆ ತೆಗೆದು ನೋಡುವುದು ಒಳ್ಳೆಯ ರೂಢಿ.

ಬೀಗ ಮತ್ತು ಕೀಲಿ

ಸಾಮಾನ್ಯ ಬ್ಯಾಕ್‌ನೆಟ್ ಐಪಿಗೆ ಬೀಗವಿಲ್ಲ. 47808ನೇ ಪೋರ್ಟಿನಲ್ಲಿ ಜಾಲದೊಳಗಿನ ಯಾರು ಬರೆದರೂ ಕಂಟ್ರೋಲರ್ ಪಾಲಿಸುತ್ತದೆ, ನೀನು ಯಾರು ಎಂದು ಕೇಳುವುದಿಲ್ಲ. ಈ ಕೊರತೆ ತುಂಬಲು 2019ರಲ್ಲಿ ಬಂದದ್ದು ಬ್ಯಾಕ್‌ನೆಟ್ ಸೆಕ್ಯೂರ್ ಕನೆಕ್ಟ್. ಅದರಲ್ಲಿ ಪ್ರತಿ ಸಾಧನವೂ ಪ್ರಮಾಣಪತ್ರ ತೋರಿಸಬೇಕು, ಮಾತೆಲ್ಲ ಗುಪ್ತಲಿಪಿಯಲ್ಲಿ ಹೋಗುತ್ತದೆ. ಅದನ್ನು ಹಾಕಿಸಲು ಆಗದ ಕಡೆ ಬಿಎಂಎಸ್‌ನ ವಿ-ಲ್ಯಾನನ್ನು ರೋಗಿಗಳ ವೈಫೈನಿಂದ, ಕಚೇರಿಯ ಕಂಪ್ಯೂಟರಿನಿಂದ ಪೂರ್ತಿ ಬೇರೆಯಿಡಲೇಬೇಕು. ಕಂಪನಿಯವರು ದೂರದಿಂದ ನೋಡಲೆಂದು ಈ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯುವುದಂತೂ ಕೂಡದು. ವಿಪಿಎನ್ ಮೂಲಕವೇ ಬರಲಿ.

ಬ್ಯಾಕ್‌ನೆಟ್ ಇದ್ದ ಮಾತ್ರಕ್ಕೆ ಕಂಪನಿಯ ಹಿಡಿತ ತಪ್ಪಿತು ಎಂದುಕೊಳ್ಳುವುದೂ ತಪ್ಪು. ಪಾಯಿಂಟನ್ನು ಯಾರು ಬೇಕಾದರೂ ಓದಬಹುದು ನಿಜ, ಆದರೆ ಕಂಟ್ರೋಲರಿನೊಳಗಿನ ಪ್ರೋಗ್ರಾಮನ್ನು ಬದಲಿಸುವ ಸಾಫ್ಟ್‌ವೇರು ಆಯಾ ಕಂಪನಿಯದೇ. ಅದರ ಲೈಸೆನ್ಸು, ಪಾಸ್‌ವರ್ಡು, ಪ್ರೋಗ್ರಾಮಿನ ಬ್ಯಾಕಪ್ ಆಸ್ಪತ್ರೆಯ ಕೈಗೆ ಬರದಿದ್ದರೆ ಐದು ವರ್ಷದ ನಂತರ ಒಂದು ಫ್ಯಾನ್ ಸೇರಿಸಲೂ ಅವರನ್ನೇ ಕಾಯಬೇಕು.

ಆಸ್ಪತ್ರೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಟೆಂಡರಿಗೆ ಸಹಿ ಹಾಕುವ ಮೊದಲು ಪಾಯಿಂಟ್ ಲಿಸ್ಟನ್ನು ಮೇಜಿನ ಮೇಲೆ ಹರಡಿ, ಎಂಜಿನಿಯರ್ ಜೊತೆಗೆ ಥಿಯೇಟರಿನ ಸಿಸ್ಟರನ್ನೂ ಸೋಂಕು ನಿಯಂತ್ರಣದ ವೈದ್ಯರನ್ನೂ ಕೂರಿಸಿಕೊಳ್ಳಿ. ಪ್ರತಿ ಸಾಲಿಗೂ ಅಳತೆ ಎಲ್ಲಿಂದ, ಮಿತಿ ಎಷ್ಟು, ತಡ ಎಷ್ಟು, ಅಲಾರಂ ಯಾರಿಗೆ ಎಂದು ಕೇಳಿ ಬರೆಸಿ. ಕಟ್ಟಡ ಒಪ್ಪಿಸಿಕೊಳ್ಳುವ ದಿನ ಇಬ್ಬರನ್ನು ನಿಲ್ಲಿಸಿ, ಒಬ್ಬರು ಸೆನ್ಸರಿನ ಬಳಿ, ಇನ್ನೊಬ್ಬರು ಪರದೆಯ ಮುಂದೆ, ಸಾಲುಸಾಲಾಗಿ ಪರೀಕ್ಷೆ ಮಾಡಿ ಟಿಕ್ ಹಾಕಿಸಿ. ಐನೂರು ಪಾಯಿಂಟಿಗೆ ಕೆಲವು ದಿನ ಹಿಡಿಯುತ್ತದೆ. ಕೊನೆಯ ಕಂತಿನ ಹಣವನ್ನು ಆ ಟಿಕ್ ಹಾಕಿದ ಪಟ್ಟಿ ಕೈಗೆ ಬಂದ ಮೇಲೆಯೇ ಕೊಡಿ.